ಗೇಟಿನಲ್ಲಿ ಮೊದಲ ಮಾತು

ತಮ್ಮಾ, ಕೆಲಸಕ್ಕೆ ಸೇರಿಸಿಕೊಂಡ ದಿನ ಏಜೆನ್ಸಿಯವರು ನಿನಗೆ ಎರಡು ಜೋಡಿ ಬಟ್ಟೆ, ಒಂದು ಸೀಟಿ, ಒಂದು ಟಾರ್ಚು ಕೊಟ್ಟಿರುತ್ತಾರೆ. ಬೂಟಿನ ದುಡ್ಡು ಮೊದಲ ಪಗಾರಿನಲ್ಲಿ ಹಿಡಿದುಕೊಂಡಿರುತ್ತಾರೆ. ಗೇಟಿಗೆ ಬಂದವರ ಜೊತೆ ಮಾತು ಹೇಗೆ ಎತ್ತಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಕಾಯಿದೆಯಲ್ಲಿ ಅದಕ್ಕೂ ಜಾಗ ಇದೆ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯಿದೆ 2005ರಲ್ಲಿ ಬಂತು. ಅದರ ಕೈಕೆಳಗೆ ಕೇಂದ್ರ ಸರ್ಕಾರ ಮಾಡಿದ ಮಾದರಿ ನಿಯಮದ ಪ್ರಕಾರ ಹೊಸ ಗಾರ್ಡಿಗೆ 100 ತಾಸು ಕ್ಲಾಸಿನ ಪಾಠ, 60 ತಾಸು ಹೊರಗಿನ ಅಭ್ಯಾಸ ಆಗಬೇಕು. ಜನರ ನಡುವೆ ನಡೆದುಕೊಳ್ಳುವ ರೀತಿ ಆ ಪಾಠಗಳಲ್ಲಿ ಒಂದು. ಆದರೆ ನವಲಗುಂದದಲ್ಲಿ ಸೋಮವಾರ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ಮಂಗಳವಾರ ರಾತ್ರಿ ಪಾಳಿಗೆ ನಿಂತ ಹುಡುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀನೂ ಅಂಥವನೇ ಇರಬೇಕು. ಹುಬ್ಬಳ್ಳಿಯಲ್ಲೂ ಬೆಂಗಳೂರಿನಲ್ಲೂ ಗೇಟು ಕಾದು, ಈಗ ಅಣ್ಣಿಗೇರಿಯಲ್ಲಿ ಮೆಣಸಿನಕಾಯಿ ಬೆಲೆ ವಿಚಾರಿಸುತ್ತ ಕೂತಿರುವ ನಾನು ಹೇಳುವುದನ್ನು ಒಂದಿಷ್ಟು ಕೇಳು.

ಊರ ಬಾಗಿಲಲ್ಲಿ ಬಂದವರನ್ನು ವಿಚಾರಿಸುವುದು ನಮಗೇನು ಹೊಸದಲ್ಲ. ನಮ್ಮ ಹಳ್ಳಿಗಳಿಗೆಲ್ಲ ಅಗಸಿ ಇತ್ತು, ಎಷ್ಟೋ ಊರಲ್ಲಿ ಈಗಲೂ ಇದೆ. ಅಗಸಿಯ ಎಡಬಲಕ್ಕೆ ಕಟ್ಟೆ, ಕಟ್ಟೆಯ ಮೇಲೆ ಹಿರಿಯರು, ಊರ ಕಾವಲಿಗೆ ತಳವಾರ, ವಾಲೀಕಾರ. ಹೊಸಬ ಒಳಗೆ ಕಾಲಿಟ್ಟರೆ ಕಟ್ಟೆಯಿಂದ ಪ್ರಶ್ನೆ ಬರುತ್ತಿತ್ತು: “ಬರ್ರಿ, ಯಾವೂರಾತ್ರಿ? ಯಾರ ಮನಿಗೆ ಹೊಂಟೀರಿ? ಯಾರ ಪೈಕಿ?” ಬಂದವನಿಗೆ ಸಿಟ್ಟು ಬರುತ್ತಿರಲಿಲ್ಲ. ಕೇಳದೇ ಬಿಟ್ಟಿದ್ದರೆ, ಈ ಊರಲ್ಲಿ ಮಾತಾಡಿಸುವವರೂ ಇಲ್ಲವೇ ಎಂದು ಮನಸ್ಸಿಗೆ ಹಚ್ಚಿಕೊಳ್ಳುತ್ತಿದ್ದ. ಕೇಳಿದ ಮೇಲೆ ನೀರು ಕೊಡುತ್ತಿದ್ದರು, ಮನೆ ತೋರಿಸಲು ಒಬ್ಬ ಹುಡುಗನನ್ನು ಜೊತೆಗೆ ಕಳಿಸುತ್ತಿದ್ದರು. ಆ ಹುಡುಗ ದಾರಿ ತೋರಿಸಿದ ಹಾಗೂ ಆಯಿತು, ಬಂದವ ಹೇಳಿದ ಮನೆಗೇ ಹೋದನೋ ಇಲ್ಲವೋ ನೋಡಿಕೊಂಡು ಬಂದ ಹಾಗೂ ಆಯಿತು. ಕಾವಲು, ಮರ್ಯಾದೆ ಎರಡೂ ಒಂದೇ ಕೆಲಸದಲ್ಲಿ ಮುಗಿಯುತ್ತಿದ್ದವು.

ಅಗಸಿಯ ಆ ಮೂರು ಪ್ರಶ್ನೆಗಳಲ್ಲಿ ನಡುವಿನದೊಂದನ್ನೇ ನೀನು ಗೇಟಿಗೆ ತೆಗೆದುಕೊಂಡು ಹೋಗಬೇಕು, “ಯಾರ ಮನಿಗೆ”. ಮೊದಲನೆಯದು ಅಲ್ಲಿ ಅನವಶ್ಯಕ. ಮೂರನೆಯದನ್ನು ಅಂತೂ ಬಾಯಿಗೇ ತರಬೇಡ. ಊರಲ್ಲಿ “ಯಾರ ಪೈಕಿ” ಅಂದರೆ ಬೀಗರು ಯಾರು, ಬಳಗ ಯಾವುದು ಎಂದು ನಂಟು ಹುಡುಕುವ ಮಾತು ಎಂದು ನಾವು ಅಂದುಕೊಂಡಿದ್ದೇವೆ. ನಿಜ ಹೇಳಬೇಕೆಂದರೆ ಊರಲ್ಲೂ ಅದು ಜಾತಿ ಕೇಳುವ ದಾರಿಯೇ. ನಗರದ ಗೇಟಿನಲ್ಲಿ, ಸಮವಸ್ತ್ರ ಹಾಕಿಕೊಂಡವನ ಬಾಯಲ್ಲಿ ಅದು ಮತ್ತಷ್ಟು ಚುಚ್ಚುತ್ತದೆ. ಕೆಲಸಕ್ಕೆ ಬರುವ ಹೆಣ್ಣುಮಗಳು, ನಲ್ಲಿ ರಿಪೇರಿಗೆ ಬಂದ ಹುಡುಗ, ಯಾರ ಅಡ್ಡಹೆಸರನ್ನೂ ಕೆದಕಲು ಹೋಗಬೇಡ. ರಿಜಿಸ್ಟರಿನಲ್ಲಿ ಹೆಸರಿಗೆ ಒಂದು ಕಾಲಂ ಇದೆ, ಅವರು ಏನು ಬರೆದರೋ ಅದೇ ಹೆಸರು.

ಈಗ ಮೊದಲ ಅರ್ಧ ನಿಮಿಷದ ಮಾತಿಗೆ ಬರೋಣ. ಗೇಟಿನಲ್ಲಿ ಹುಟ್ಟುವ ಜಗಳಗಳಲ್ಲಿ ಹೆಚ್ಚಿನವು ಅಷ್ಟರಲ್ಲೇ ಹುಟ್ಟುತ್ತವೆ.

ಕ್ಯಾಬಿನ್ನಿನೊಳಗೆ ಕುರ್ಚಿಯಲ್ಲಿ ಕೂತು, ಕಿಟಕಿಯಿಂದ ಗದ್ದ ಎತ್ತಿ “ಏನು?” ಅಂದರೆ ಅಲ್ಲಿಗೇ ಕೆಟ್ಟಿತು. ಎದ್ದು ಹೊರಗೆ ಬಾ. ಕಾರು ಬಂದಿದ್ದರೆ ಬಾನೆಟ್ಟಿನ ಮುಂದೆ ಕೈ ಅಡ್ಡ ಹಿಡಿದು ನಿಲ್ಲಬೇಡ, ತಡೆಯುವ ಕೆಲಸಕ್ಕೆ ಬೂಮ್ ಇದೆಯಲ್ಲ. ಡ್ರೈವರ್ ಬದಿಯ ಕಿಟಕಿಯ ಪಕ್ಕ, ಒಂದು ಮಾರು ದೂರ ಬಿಟ್ಟು ನಿಲ್ಲು. ತಲೆಯನ್ನು ಕಿಟಕಿಯೊಳಗೆ ಹಾಕಿ ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ಎಂದು ಇಣುಕಬೇಡ, ನಿಂತ ಜಾಗದಿಂದಲೇ ಕಾಣುತ್ತದೆ. ರಾತ್ರಿಯಾಗಿದ್ದರೆ ಟಾರ್ಚನ್ನು ನೆಲಕ್ಕೆ ಬಿಡು, ಇಲ್ಲವೇ ನಂಬರ್ ಪ್ಲೇಟಿಗೆ ಬಿಡು. ಮುಖಕ್ಕೆ ಬೆಳಕು ಬಿಟ್ಟರೆ ಬಂದವನು ಕಳ್ಳನಾದಂತೆ. ನೆಲಕ್ಕೆ ಬಿಟ್ಟ ಬೆಳಕಿನಲ್ಲೂ ಮುಖ ಗುರುತು ಸಿಗುತ್ತದೆ, ಮಾಡಿ ನೋಡು.

ಆಮೇಲೆ ಮಾತು. ಮೊದಲು ನಮಸ್ಕಾರ. ಅದು ಬರಿಯ ಉಪಚಾರಕ್ಕಲ್ಲ. ನೀನು ನಮಸ್ಕಾರ ಅಂದಾಗ ಎದುರಿನವನು ನಿನ್ನ ಮುಖ ನೋಡುತ್ತಾನೆ, ನೀನೂ ಅವನ ಮುಖ ನೋಡುತ್ತೀ. ನೋಡುವುದೇ ನಿನ್ನ ಕೆಲಸ ತಾನೆ? ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಅನ್ನದೆ ಮುಖ ತಿರುಗಿಸಿಕೊಂಡು ಸರಸರನೆ ನಡೆದವನು ನಿನ್ನ ಗಮನದಲ್ಲಿ ಉಳಿಯುತ್ತಾನೆ. ಅವನು ಕೆಟ್ಟವನೇ ಎಂದಲ್ಲ, ಅವಸರದಲ್ಲಿರಬಹುದು. ಆದರೂ ನೋಡಿದ್ದು ನೋಡಿದ ಹಾಗಾಯಿತು.

ನಂತರದ ಪ್ರಶ್ನೆ “ಯಾರ ಮನಿಗೆ ಹೋಗಬೇಕಾಗಿತ್ರಿ?” ಅಷ್ಟೇ. “ಯಾರು ನೀವು?” ಎಂದು ಶುರು ಮಾಡಬೇಡ, “ಏನ್ ಕೆಲಸ?” ಎಂದೂ ಬೇಡ. ಯಾರು ನೀವು ಅಂದಾಗ ಬಂದವನು ತನ್ನನ್ನು ತಾನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ಯಾರ ಮನೆ ಅಂದಾಗ ದಾರಿ ತೋರಿಸುವವನ ಹಾಗೆ ನೀನು ಕಾಣುತ್ತೀ, ನಿನಗೆ ಬೇಕಾದ ಉತ್ತರವೂ ಸಿಗುತ್ತದೆ. ಮನೆ ಯಾವುದೆಂದು ಹೇಳಿದವನು ಕೆಲಸ ಏನೆಂದು ತಾನಾಗಿಯೇ ಹೇಳುವುದು ರೂಢಿ: “ಮುನ್ನೂರಾ ಎರಡಕ್ಕ, ಫ್ರಿಜ್ ರಿಪೇರಿ ಐತಿ.” ಹೇಳದಿದ್ದರೆ ಆಗ ಕೇಳು, “ಏನಂತ ಬರೀಲ್ರಿ?” ಕೈಯಲ್ಲಿ ಪೆನ್ನು ಹಿಡಿದು ಕೇಳು. ಆಗ ಪ್ರಶ್ನೆ ನಿನ್ನದಾಗಿರುವುದಿಲ್ಲ, ಪುಸ್ತಕದ ಕಾಲಮ್ಮಿನದಾಗಿರುತ್ತದೆ. ಉದ್ದೇಶದ ಕಾಲಮ್ಮಿಗೆ ಒಂದೇ ಪದ ಸಾಕು: ಭೇಟಿ, ಪಾರ್ಸಲ್, ರಿಪೇರಿ, ಟ್ಯೂಷನ್. ಭೇಟಿ ಅಂದವನಿಗೆ “ಏನ್ ವಿಷಯಕ್ಕ?” ಎಂದು ಬೆನ್ನು ಹತ್ತಬೇಡ. ಅದು ಆ ಮನೆಯವರಿಗೆ ಬಿಟ್ಟದ್ದು.

ಯಾಕೆ ಬರೆಯಬೇಕು ಎಂದು ಕೇಳುವವರೂ ಇರುತ್ತಾರೆ. ಅದಕ್ಕೆ ಒಂದೇ ಉತ್ತರ ಇಟ್ಟುಕೋ: “ಇಲ್ಲಿ ಎಲ್ಲಾರದೂ ಬರಿಯೂದ ಐತ್ರಿ.” ಎಲ್ಲಾರದೂ ಅನ್ನುವುದನ್ನು ಒತ್ತಿ ಹೇಳು. ಹೇಳಿದ ಮೇಲೆ ಅದು ನಿಜವೂ ಆಗಿರಬೇಕು. ಮುಂದೆ ನಿಂತ ಪಂಚೆಯವನ ಹೆಸರು ಬರೆಸಿಕೊಳ್ಳುತ್ತ, ಹಿಂದಿನಿಂದ ಬಂದ ಬಿಳಿ ಕಾರಿಗೆ ಸಲಾಮು ಹೊಡೆದು ಬೂಮ್ ಎತ್ತಿದರೆ, ಪಂಚೆಯವನು ಅದನ್ನು ನೋಡಿಯೇ ಇರುತ್ತಾನೆ. ಆಮೇಲೆ ನೀನು ಎಷ್ಟು ಮೆತ್ತಗೆ ಮಾತಾಡಿದರೂ ಅವನ ಮನಸ್ಸು ಕೂಡುವುದಿಲ್ಲ. ಸಂಶಯ ದನಿಯಲ್ಲಿ ಕಾಣಿಸಿಕೊಳ್ಳುವುದಕ್ಕಿಂತ ಮೊದಲು ಇಂಥ ಭೇದದಲ್ಲಿ ಕಾಣಿಸಿಕೊಳ್ಳುತ್ತದೆ.

2024ರಲ್ಲಿ ಬೆಂಗಳೂರಿನಲ್ಲಿ ನಡೆದ ಎರಡು ಪ್ರಸಂಗ ನಿನಗೆ ಗೊತ್ತಿರಲಿ. ಫೆಬ್ರುವರಿಯಲ್ಲಿ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತ ಒಬ್ಬ ರೈತನನ್ನು ಬಟ್ಟೆ ಕೊಳೆಯಾಗಿದೆ ಎಂದು ತಪಾಸಣೆಯ ಕಡೆಯಲ್ಲಿ ತಡೆದರು. ಅವನ ಹತ್ತಿರ ಟಿಕೇಟು ಇತ್ತು. ಜೊತೆಯ ಪ್ರಯಾಣಿಕರೇ ಜಗಳಾಡಿ ಒಳಗೆ ಕರೆದುಕೊಂಡು ಹೋದರು, ವಿಡಿಯೊ ಊರೆಲ್ಲ ಹರಿದಾಡಿತು, ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಜುಲೈನಲ್ಲಿ ಮಾಗಡಿ ರಸ್ತೆಯ ಜಿ.ಟಿ. ವರ್ಲ್ಡ್ ಮಾಲಿನಲ್ಲಿ ಇನ್ನೊಂದು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವಯಸ್ಸಾದ ರೈತರೊಬ್ಬರು ಮಗನ ಜೊತೆ ಸಿನಿಮಾಕ್ಕೆ ಹೋಗಿದ್ದರು. ಪಂಚೆ ಉಟ್ಟವರನ್ನು ಒಳಗೆ ಬಿಡುವುದಿಲ್ಲ ಎಂದು ಗೇಟಿನಲ್ಲೇ ನಿಲ್ಲಿಸಿದರು. ಮಾತು ವಿಧಾನಸಭೆಯವರೆಗೆ ಹೋಯಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು.

ಈ ಎರಡರಲ್ಲೂ ನಾನು ಯೋಚಿಸುವುದು ತಡೆದವನ ಬಗ್ಗೆ. ಅವನಿಗೆ ಮೇಲಿನವರು ಹಾಗೆ ಹೇಳಿದ್ದರೋ, ತಾನೇ ಅಂದುಕೊಂಡನೋ, ನಾನು ಹೇಳಲಾರೆ. ಆದರೆ ಗೇಟಿನ ಕೆಲಸಕ್ಕೆ ಬರುವವರಲ್ಲಿ ಬಹಳಷ್ಟು ಮಂದಿ ಪಂಚೆ ಉಡುವ, ಧೋತರ ಉಡುವ ಅಪ್ಪಂದಿರ ಮಕ್ಕಳೇ. ಬಟ್ಟೆ ನೋಡಿ ತಡೆ ಎಂದು ಯಾರಾದರೂ ನಿನಗೆ ಬಾಯಿಮಾತಿನಲ್ಲಿ ಹೇಳಿದರೆ, “ಸರ್, ಹಂಗಿದ್ರ ಬರದು ಕೊಡ್ರಿ” ಅನ್ನು. ಬರೆದು ಕೊಡುವುದಿಲ್ಲ. ಬರೆದು ಕೊಡದ ನಿಯಮವನ್ನು ನೀನು ಜಾರಿ ಮಾಡಿದರೆ, ವಿಡಿಯೊ ಬಂದ ದಿನ ಹೋಗುವುದು ನಿನ್ನ ಕೆಲಸ, ಹೇಳಿದವನದಲ್ಲ.

ಇನ್ನು ಒಂದು ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಇಂಥದು ನಿನ್ನ ಗೇಟಿಗೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ.

ಮುಂಜಾನೆ ಐದೂವರೆ. ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟು, ಆರು ಟವರು. ಆಟೊದಿಂದ ಒಬ್ಬ ಅಜ್ಜ, ಒಬ್ಬ ಅಜ್ಜಿ ಇಳಿಯುತ್ತಾರೆ. ಕುಂದಗೋಳದ ಕಡೆಯವರು, ರಾತ್ರಿ ಬಸ್ಸಿನಲ್ಲಿ ಬಂದಿದ್ದಾರೆ. ಒಂದು ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಇನ್ನೊಂದರಲ್ಲಿ ಬ್ಯಾಡಗಿ ಮೆಣಸಿನಕಾಯಿ. ಮಗಳ ಮನೆಗೆ ಬಂದವರು. ಮಗಳು ಹಿಂದಿನ ರಾತ್ರಿಯೇ ಮೈಗೇಟ್ ಆ್ಯಪಿನಲ್ಲಿ ಇವರ ಹೆಸರು ಹಾಕಿ, ಆರು ಅಂಕಿಯ ಕೋಡನ್ನು ಅಪ್ಪನ ನಂಬರಿಗೆ ವಾಟ್ಸಾಪ್ ಮಾಡಿದ್ದಾಳೆ. ಅಪ್ಪನ ಕೈಯಲ್ಲಿರುವುದು ಬಟನ್ ಫೋನು. ಕೋಡು ಅವನಿಗೆ ಮುಟ್ಟೇ ಇಲ್ಲ.

ಇಲ್ಲಿ ಸಾಧಾರಣವಾಗಿ ಏನಾಗುತ್ತದೆ? ಗಾರ್ಡು “ಕೋಡ್ ಹೇಳಿ” ಅನ್ನುತ್ತಾನೆ. ಅಜ್ಜ “ಏನ್ ಕೋಡ?” ಅನ್ನುತ್ತಾನೆ. “ಫ್ಲ್ಯಾಟ್ ನಂಬರ್?” “ಗೊತ್ತಿಲ್ಲಪಾ, ಮಗಳ ಮನಿ.” “ನಂಬರ್ ಗೊತ್ತಿಲ್ದೆ ಹೆಂಗೆ ಬಂದ್ರಿ?” ಈ ಕೊನೆಯ ಮಾತು ಇದೆಯಲ್ಲ, ಅದರಿಂದ ನಿನಗೆ ಒಂದು ಹೊಸ ಮಾಹಿತಿಯೂ ಸಿಗುವುದಿಲ್ಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಮುದುಕನಿಗೆ ಮಗಳ ಊರಲ್ಲಿ ಮೊದಲು ಕೇಳಿದ್ದು ಅದೇ ಆಗುತ್ತದೆ.

ನೀನು ಹೀಗೆ ಮಾಡು. “ಬರ್ರಿ ಯಜಮಾನ್ರ, ಅವ್ವಾರ, ಮೊದಲ ಇಲ್ಲಿ ಕೂಡ್ರಿ” ಎಂದು ನಿನ್ನ ಕುರ್ಚಿ ಕೊಡು. ಕೂತವರು ಗಾಬರಿ ಆಗುವುದಿಲ್ಲ, ಗಾಬರಿ ಇಲ್ಲದವರು ಸರಿಯಾಗಿ ಉತ್ತರ ಹೇಳುತ್ತಾರೆ. ಆಮೇಲೆ “ಅಳಿಯಂದ್ರ ಪೂರ್ತಿ ಹೆಸರೇನ್ರಿ?” ಎಂದು ಕೇಳು. ಇಲ್ಲಿ ಒಂದು ಸೂಕ್ಷ್ಮ ಇದೆ. ಸಹಾಯ ಮಾಡುವ ಭರದಲ್ಲಿ ನೀನೇ ಹೆಸರು ಎತ್ತಿ ಕೊಡಬಾರದು. “ಬ್ಯಾಂಕಿನ ಪಾಟೀಲ್ರ ಮನಿಗೇನ್ರಿ?” ಅಂದರೆ, ಹೌದು ಅನ್ನುವುದು ಯಾರಿಗಾದರೂ ಸುಲಭ. ಈ ಅಜ್ಜ ಅಂಥವನಲ್ಲ, ಸರಿ. ಆದರೆ ನಾಳೆ ಬರುವ ಇಸ್ತ್ರಿ ಪ್ಯಾಂಟಿನವನು ಅದೇ ಎಳೆ ಹಿಡಿದು ಒಳಗೆ ಹೋಗುತ್ತಾನೆ. ಹೆಸರು ಅವರ ಬಾಯಿಂದಲೇ ಬರಲಿ. ಪಟ್ಟಿಯನ್ನು ಅವರ ಮುಂದೆ ಹಿಡಿದು “ಇದರಾಗ ಯಾವುದ್ರಿ?” ಎಂದೂ ತೋರಿಸಬೇಡ.

ಹೆಸರು ಸಿಕ್ಕಿತು, ಆ್ಯಪಿನಲ್ಲಿ ಮನೆ ಸಿಕ್ಕಿತು. ಕಾಲ್ ಮಾಡಿದೆ, ಯಾರೂ ಎತ್ತಲಿಲ್ಲ. ಆ ಹೊತ್ತಿಗೆ ಮಲಗಿರುತ್ತಾರೆ. ಇಂಟರ್‌ಕಾಮ್ ಬಾರಿಸಿದೆ, ಅದೂ ಇಲ್ಲ. ಆಗ ಅಜ್ಜ ತನ್ನ ಫೋನಿನಿಂದ ಮಗಳಿಗೆ ಹಚ್ಚುತ್ತಾನೆ, ಆಕೆ ಎತ್ತುತ್ತಾಳೆ, ಅಜ್ಜ ಫೋನು ನಿನ್ನ ಕೈಗೆ ಕೊಡುತ್ತಾನೆ: “ಮಾತಾಡಪಾ.” ಆ ಕಡೆಯಿಂದ “ನಮ್ಮ ಅಪ್ಪ, ಒಳಗೆ ಬಿಡಿ” ಎಂದು ದನಿ ಬರುತ್ತದೆ. ತಮ್ಮಾ, ಬಂದವರ ಫೋನಿನಲ್ಲಿ ಕೇಳಿದ ದನಿಯನ್ನು ಒಪ್ಪಿಗೆ ಎಂದು ತಿಳಿಯಬಾರದು. ಆ ತುದಿಯಲ್ಲಿ ಯಾರಿದ್ದಾರೋ ನಿನಗೆ ಗೊತ್ತಾಗುವುದಿಲ್ಲ. ಒಪ್ಪಿಗೆ ಬರಬೇಕಾದದ್ದು ಇಂಟರ್‌ಕಾಮಿನಿಂದ, ಇಲ್ಲವೇ ಆ್ಯಪಿನಲ್ಲಿ ಆ ಮನೆಯ ಹೆಸರಿನಲ್ಲಿರುವ ನಂಬರಿನಿಂದ. ಇದನ್ನು ಅಜ್ಜನ ಮುಂದೆ ಹೇಗೆ ಹೇಳುತ್ತೀ? “ನಂಬಾಕ ಆಗೂದಿಲ್ಲ” ಅಂದರೆ ಕೆಲಸ ಕೆಟ್ಟಿತು. “ಅಕ್ಕಾರ, ಎದ್ದೇ ಅದೀರಲ್ಲ, ಹಂಗ ಇಂಟರ್‌ಕಾಮ್ ಒಮ್ಮಿ ಎತ್ತರಿ, ನಾ ಹಚ್ಚತೀನಿ. ಪುಸ್ತಕದಾಗ ಹಂಗ ಬರೀಬೇಕಾಗತದ್ರಿ” ಅನ್ನು. ಆಕೆ ಎತ್ತುತ್ತಾಳೆ, ಒಂದು ಮಾತಿನಲ್ಲಿ ಮುಗಿಯುತ್ತದೆ. ಅಜ್ಜನಿಗೆ ಇದೆಲ್ಲ ಮಗಳನ್ನು ಎಬ್ಬಿಸುವ ಏರ್ಪಾಡಿನ ಹಾಗೆ ಕಾಣುತ್ತದೆಯೇ ಹೊರತು ತನ್ನನ್ನು ಪರೀಕ್ಷೆ ಮಾಡಿದರು ಎಂದು ಅನ್ನಿಸುವುದಿಲ್ಲ.

ಇಂಟರ್‌ಕಾಮಿನಲ್ಲಿ ಮಾತಾಡುವಾಗಲೂ ಎಚ್ಚರ. ಬಂದವರು ಎರಡು ಹೆಜ್ಜೆ ಆಚೆ ಕೂತಿರುತ್ತಾರೆ, ಕಿವಿ ಇಲ್ಲೇ ಇರುತ್ತದೆ. “ಮೇಡಂ, ಯಾರೋ ಒಬ್ಬ ಮುದುಕ ಬಂದಾನ, ನಿಮ್ಮ ಅಪ್ಪ ಅಂತ ಹೇಳಾಕತ್ತಾನ, ಬಿಡ್ಲೋ ಬ್ಯಾಡೋ?” ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗಾರ್ಡು ಹುಡುಗ ಒಳ್ಳೆಯವನೇ, ಎದುರಿಗೆ ಮರ್ಯಾದೆಯಿಂದಲೇ ಮಾತಾಡಿದ್ದ. ಕೊಟ್ಟ ಮರ್ಯಾದೆಯೆಲ್ಲ ಆ ಒಂದು ವಾಕ್ಯದಲ್ಲಿ ನೀರಾಯಿತು. “ಮೇಡಂ, ಗೇಟಿನಿಂದ ಮಾತಾಡತೀನ್ರಿ. ನಿಮ್ಮ ತಂದಿ ತಾಯಿ ಬಂದಾರ್ರಿ, ಕಳಸ್ಲ್ಯಾ?” ಇಷ್ಟು ಸಾಕು. ಆಕೆ ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ನಿನ್ನ ಕಾವಲು ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಇನ್ನು ಮೇಲೆ ಕಳಿಸುವುದು. “ಸಿ ಬ್ಲಾಕ್, ಏಳನೇ ಮಹಡಿ, ಹೋಗಿ” ಅಂದರೆ ಅವರು ಹೋಗಲಾರರು. ಲಿಫ್ಟಿನ ಗುಂಡಿ ಒತ್ತಿ ರೂಢಿ ಇರುವುದಿಲ್ಲ. ನಿಮ್ಮಲ್ಲಿ ಸುತ್ತಾಡುವ ಗಾರ್ಡು ಒಬ್ಬ ಇರುತ್ತಾನಲ್ಲ, ವಾಕಿಯಲ್ಲಿ ಕರೆದು ಜೊತೆಗೆ ಕಳಿಸು. ಚೀಲ ಒಂದನ್ನು ಅವನು ಹಿಡಿದುಕೊಳ್ಳಲಿ. ಬಾಗಿಲು ತೆಗೆದು ಮಗಳು “ಅಪ್ಪಾ” ಅಂದಿದ್ದನ್ನು ಅವನು ಕಣ್ಣಾರೆ ನೋಡಿ ಬರುತ್ತಾನೆ. ಅಗಸಿಯಲ್ಲಿ ಹುಡುಗನನ್ನು ಜೊತೆಗೆ ಕಳಿಸುತ್ತಿದ್ದರು ಅಂದೆನಲ್ಲ, ಇದೂ ಅದೇ.

ಅದೇ ದಿನ ಹತ್ತು ಗಂಟೆಗೆ ಇನ್ನೊಬ್ಬ ಬರುತ್ತಾನೆ ಅಂದುಕೋ. ದೊಡ್ಡ ಕಾರು, ಹಾರ್ನು. ಕಿಟಕಿ ಇಳಿಸುವುದೂ ಇಲ್ಲ, ಒಳಗಿಂದಲೇ ಬೆರಳು ತೋರಿಸಿ ಬೂಮ್ ಎತ್ತು ಅನ್ನುತ್ತಾನೆ. ಅಜ್ಜನಿಗೆ ಕೇಳಿದ್ದನ್ನೇ ಇವನಿಗೂ ಕೇಳು, ಅದೇ ದನಿಯಲ್ಲಿ. “ನಮಸ್ಕಾರ ಸರ್, ಯಾರ ಮನೆಗೆ ಹೋಗಬೇಕಿತ್ತು?” “ನಾನು ಯಾರು ಗೊತ್ತಾ?” ಅಂದರೆ, ಗೊತ್ತಿಲ್ಲ ಅನ್ನಬೇಡ, ಗೊತ್ತು ಎಂದೂ ಅನ್ನಬೇಡ. “ಫ್ಲ್ಯಾಟ್ ನಂಬರ್ ಹೇಳಿ ಸರ್, ಈಗಲೇ ಕೇಳ್ತೀನಿ, ಒಂದು ನಿಮಿಷ” ಅನ್ನು. ದನಿ ಏರಿಸಿದರೆ ನೀನು ಇನ್ನಷ್ಟು ಇಳಿಸು. ಹಿಂದೆ ಕಾರುಗಳು ನಿಂತು ಹಾರ್ನು ಹೊಡೆಯತೊಡಗಿದರೆ, ಇವನ ಕಾರನ್ನು ಪಕ್ಕಕ್ಕೆ ತೆಗೆಸು: “ಸರ್, ನಿಮಗೆ ತೊಂದ್ರೆ ಆಗೋದು ಬೇಡ, ಇಲ್ಲಿ ಸೈಡಿಗೆ ಬನ್ನಿ.” ನಾನು ಕಂಡ ಹಾಗೆ, ಹಿಂದಿನವರ ಹಾರ್ನಿಗೆ ಹೆದರಿ ಬೂಮ್ ಎತ್ತುವುದೇ ಗೇಟಿನ ದೊಡ್ಡ ತಪ್ಪು. ಕದಿಯಲು ಬರುವವನಿಗೂ ಇದು ಗೊತ್ತು. ಅವನು ಹರಕು ಬಟ್ಟೆಯಲ್ಲಿ ಬರುವುದಿಲ್ಲ.

ಬೆಂಗಳೂರಿನ ಕಿವಿ ಬೇರೆ ಅನ್ನುವುದೂ ನೆನಪಿರಲಿ. ನಾವು ಪ್ರತಿ ಮಾತಿಗೂ ‘ರಿ’ ಹಚ್ಚಿ ಮರ್ಯಾದೆ ಕೊಡುತ್ತೇವೆ, ಹುಬ್ಬಳ್ಳಿ ಧಾರವಾಡದಲ್ಲಿ ಅದು ನಡೆಯುತ್ತದೆ. ಆ ಕಡೆ “ಏನ್ರೀ”, “ಯಾರ್ರೀ” ಎಂದು ಗಟ್ಟಿಯಾಗಿ ಅಂದರೆ ಜಗಳಕ್ಕೆ ಕರೆದ ಹಾಗೆ ಕೇಳಿಸುತ್ತದೆ. ನಮ್ಮ ದನಿಯೂ ಸ್ವಲ್ಪ ದೊಡ್ಡದೇ, ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡಿ ಬೆಳೆದವರಲ್ಲವೇ? ಅಲ್ಲಿ ಸರ್, ಮೇಡಂ ಸಾಕು. ಹೆಣ್ಣುಮಕ್ಕಳನ್ನು ಆಂಟಿ ಅನ್ನಬೇಡ, ಇಪ್ಪತ್ತೈದಾದರೂ ಐವತ್ತಾದರೂ ಮೇಡಂ. ಊರಿನವರ ಹಾಗೆ ಕಂಡ ಹಿರಿಯರಿಗೆ ಮಾತ್ರ ಅಜ್ಜಾರ, ಅವ್ವಾರ. ಊಟ ತಂದುಕೊಡುವ ಡೆಲಿವರಿ ಹುಡುಗ ನಿನಗಿಂತ ಚಿಕ್ಕವನೇ ಇರಲಿ, “ಏ” ಎಂದು ಕರೆಯಬೇಡ. ಅವನೂ ನಿನ್ನ ಹಾಗೆಯೇ ಹೊಟ್ಟೆಪಾಡಿಗೆ ಬಂದವನು, ಅವನ ಫೋನಿನಲ್ಲಿ ನಿಮಿಷ ಓಡುತ್ತಿರುತ್ತದೆ. ಕೋಡು ಇದ್ದರೆ ನೋಡಿ ಕೂಡಲೇ ಬಿಡು.

ಹೆಣ್ಣುಮಗಳು ಒಬ್ಬಳೇ ಬಂದಾಗ ಫೋನ್ ನಂಬರನ್ನು ಬಾಯಿಬಿಟ್ಟು ಕೇಳಬೇಡ, ಕೇಳಿ ಗಟ್ಟಿಯಾಗಿ ತಿರುಗಿ ಹೇಳಲೂ ಬೇಡ. ಪಕ್ಕದಲ್ಲಿ ನಾಲ್ಕು ಜನ ಡ್ರೈವರುಗಳು ನಿಂತಿರುತ್ತಾರೆ. ಪುಸ್ತಕವನ್ನು ಆಕೆಯ ಕಡೆ ತಿರುಗಿಸಿ, ಪೆನ್ನು ಕೊಟ್ಟು, ನೀನು ಗೇಟಿನ ಕಡೆ ನೋಡು. ಆ ಪುಟದಲ್ಲಿರುವ ನಂಬರುಗಳು ನಿನ್ನ ಸ್ವಂತ ಫೋನಿಗೆ ಯಾವತ್ತೂ ಇಳಿಯಬಾರದು. ಹಾಗೆ ಇಳಿಸಿಕೊಂಡು ರಾತ್ರಿ ಮೆಸೇಜು ಮಾಡಿದವನ ಮೇಲೆ ಪೊಲೀಸ್ ಕೇಸು ಆದರೆ, ಯಾವ ಏಜೆನ್ಸಿಯೂ ಬಿಡಿಸಲು ಬರುವುದಿಲ್ಲ.

ನಿನ್ನ ಅಧಿಕಾರ ಎಷ್ಟು ಅನ್ನುವುದು ಗೊತ್ತಿದ್ದರೆ ದನಿ ತಾನಾಗಿಯೇ ಹದಕ್ಕೆ ಬರುತ್ತದೆ. ನೀನು ಪೊಲೀಸ್ ಅಲ್ಲ. ಪೊಲೀಸ್, ಮಿಲಿಟರಿ ಬಟ್ಟೆಯ ಹಾಗೆ ಕಾಣುವ ಸಮವಸ್ತ್ರ ಹಾಕಿಕೊಳ್ಳುವುದನ್ನು ಆ 2005ರ ಕಾಯಿದೆಯೇ ಅಪರಾಧ ಅನ್ನುತ್ತದೆ. ಬಂದವರ ಮೈ ತಡವುವ ಹಕ್ಕು ನಿನಗಿಲ್ಲ. ಆಧಾರ್ ಕಾರ್ಡು ನೋಡಿದರೆ ನೋಡಿ ವಾಪಸ್ ಕೊಡು, ಇಟ್ಟುಕೊಳ್ಳಬೇಡ. ನಿನ್ನ ಕಣ್ಣೆದುರಿಗೆ ಮನೆಗಳ್ಳತನದಂಥ ಗಂಭೀರ ಅಪರಾಧ ನಡೆದಾಗ ಯಾವ ಸಾಮಾನ್ಯನಾದರೂ ಹಿಡಿಯಬಹುದು. ಹಿಡಿದ ಮೇಲೆ ತಡಮಾಡದೆ, ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎಂದು ಈಗಿನ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಸಂಶಯ ಬಂತು ಎಂದು ಕೂಡಿಹಾಕುವುದಕ್ಕೆ ಅವಕಾಶ ಇಲ್ಲ. ಸಂಶಯ ಬಂದರೆ ಸೂಪರ್‌ವೈಸರ್‌ಗೆ ಹೇಳು, 112ಕ್ಕೆ ಫೋನ್ ಮಾಡು.

ಸಾಲುಮನೆಗಳ ಲೇಔಟಿನಲ್ಲಿ ನಿಂತಿದ್ದರೆ ಇನ್ನೊಂದು ಮಾತು. ಲೇಔಟಿನ ರಸ್ತೆಯನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಮೇಲೆ ಅದು ಸಾರ್ವಜನಿಕ ರಸ್ತೆ, ಗೇಟು ಹಾಕಿದರೂ ಓಡಾಡುವವರನ್ನು ತಡೆಯುವಂತಿಲ್ಲ ಎಂದು ನಮ್ಮ ಹೈಕೋರ್ಟೇ ಹೇಳಿದೆ. ಅಂಥ ಕಡೆ ಹಾದುಹೋಗುವವನನ್ನು ಮಾತಾಡಿಸಬಹುದು, ದಾರಿ ಹೇಳಬಹುದು. ಉತ್ತರ ಕೊಡದೆ ನಡೆದರೆ ಅಡ್ಡಗಟ್ಟಬೇಡ.

ಎಲ್ಲಕ್ಕಿಂತ ಕಷ್ಟದ್ದು ಒಳಗಿನವರು ಬೇಡ ಅಂದಾಗ. ಬಂದವರು ಎದುರಿಗೆ ನಿಂತಿದ್ದಾರೆ, ಇಂಟರ್‌ಕಾಮಿನಲ್ಲಿ “ಮನೆಯಲ್ಲಿ ಇಲ್ಲ ಅಂತ ಹೇಳಿ” ಎಂದು ಬರುತ್ತದೆ. ಸುಳ್ಳು ಹೇಳಬೇಡ, ಯಾಕೆಂದರೆ ಅದು ನಿನ್ನ ಮುಖದಲ್ಲೇ ಕಾಣುತ್ತದೆ, ಬಾಲ್ಕನಿಯಲ್ಲಿ ಅವರೂ ಕಾಣಬಹುದು. “ನಿಮ್ಮನ್ನ ಬಿಡಬ್ಯಾಡ ಅಂದಾರ” ಎಂದು ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೇಳುವುದೂ ಬೇಡ. ಅದು ಅಣ್ಣತಮ್ಮಂದಿರ ಹೊಲದ ವ್ಯಾಜ್ಯ ಇರಬಹುದು, ಸಾಲದ ಮಾತಿರಬಹುದು, ನಿನ್ನ ಗೇಟಿನಲ್ಲಿ ಅದು ಸಿಡಿಯಬಾರದು. “ಈಗ ಭೆಟ್ಟಿ ಆಗಾಕ ಆಗಂಗಿಲ್ಲಂತ್ರಿ. ಫೋನ್ ಮಾಡಿ ಬರ್ರಿ, ಚೊಲೋ ಆಗತದ” ಅನ್ನು. “ಯಾಕಂತ?” ಎಂದು ಕೇಳಿದರೆ, “ನನಗ ಅಷ್ಟ ಹೇಳಿದ್ರ್ರಿ.” ಅಲ್ಲಿಂದಾಚೆ ಹೋಗಬೇಡ. ದೂರದಿಂದ ಬಂದವರಾದರೆ ನೀರು ಕೊಡು, ಬಸ್ ಸ್ಟಾಪು ಯಾವ ಕಡೆ ಎಂದು ಹೇಳು. ಅವರು ಅಲ್ಲೇ ಹೊರಗೆ ಕಾಯುತ್ತೇವೆ ಅಂದರೆ ಕಾಯಲಿ, ಗೇಟಿನ ಹೊರಗಿನ ಕಟ್ಟೆ ನಿನ್ನ ಅಪ್ಪನದೂ ಅಲ್ಲ, ಸೊಸೈಟಿಯದೂ ಅಲ್ಲ.

ಹೀಗೆ ಯಾರಾದರೂ ಕಾಯುತ್ತ ಕೂತಿರುವಾಗಲೇ ನಿನ್ನ ಪಾಳಿ ಮುಗಿಯಬಹುದು. ಆಗ ಬ್ಯಾಗು ಹೆಗಲಿಗೆ ಹಾಕಿಕೊಂಡು ಸುಮ್ಮನೆ ಹೊರಡಬೇಡ. ಹೊಸದಾಗಿ ಬಂದ ಗಾರ್ಡನ್ನು ಅವರ ಹತ್ತಿರ ಕರೆದುಕೊಂಡು ಹೋಗಿ, “ಇವರು ಮುನ್ನೂರಾ ಎರಡಕ್ಕ ಬಂದವ್ರು, ಕೇಳಿ ಆಗೇತಿ, ಮ್ಯಾಲಿನವ್ರು ಹನ್ನೊಂದಕ್ಕ ಇಳೀತಾರಂತ” ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳು, ಪುಸ್ತಕದಲ್ಲೂ ಒಂದು ಗೆರೆ ಬರೆದಿಡು. ಇಲ್ಲದಿದ್ದರೆ ಅವನು ಬಂದವನೇ “ಯಾರು ನೀವು, ಇಲ್ಲಿ ಯಾಕ ಕೂತೀರಿ?” ಎಂದು ಮೊದಲಿನಿಂದ ಶುರು ಮಾಡುತ್ತಾನೆ.